ಕ್ಲೇಮ್ ಡೆಸ್ಕ್‌ನಿಂದ ವಾರ್ಡ್‌ಗೆ: ನವೆಂಬರ್‌ನಿಂದ ಜೂನ್‌ವರೆಗಿನ ಓದಿನ ಪ್ಲಾನ್

ಇದು ನಿನಗೆಂದೇ ಬರೆದದ್ದು. ವಯಸ್ಸು 32, ವಿಮೆ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಹತ್ತು ವರ್ಷ, ಪಿಯುಸಿಯಲ್ಲಿ ಪಿಸಿಎಂಬಿ, ಮನೆ ಕೆಂಗೇರಿ ಉಪನಗರ, ಆಫೀಸ್ ವೈಟ್‌ಫೀಲ್ಡ್. ಏಪ್ರಿಲ್ ಹೊತ್ತಿಗೆ ಸಿಇಟಿ, ಆಮೇಲೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ನಾನು ನರ್ಸಿಂಗ್ ಪಾಠ ಮಾಡುವವಳು. ನಿನ್ನ ಹಾಗೆ ಕೆಲಸ ಬಿಟ್ಟು ಬಂದವರಿಗೂ ಹೇಳಿಕೊಟ್ಟಿದ್ದೇನೆ. ಅವರು ಕಷ್ಟಪಡುವುದು ಬುದ್ಧಿ ಸಾಲದೆ ಅಲ್ಲ. ಎಲ್ಲವನ್ನೂ ಓದಲು ಹೋಗಿ ಸುಸ್ತಾಗುತ್ತಾರೆ. ಹಾಗಾಗಿ ಕಡಿಮೆ ಓದು. ಆದರೆ ಓದಿದ ಪ್ರತಿ ಪುಟವನ್ನೂ ಒಬ್ಬ ರೋಗಿಯ ಮೈಮೇಲೆ ಇಟ್ಟು ನೋಡು.

ಎಲ್ಲಕ್ಕಿಂತ ಮೊದಲು

ಪುಸ್ತಕ ಮುಟ್ಟುವ ಮುಂಚೆ, ಸಿಇಟಿ ನಡೆಸುವ ಕೆಇಎಯ ಸೂಚನೆಯನ್ನು ಸಾಲು ಸಾಲಾಗಿ ಓದು. ವಯಸ್ಸಿನ ಮಿತಿ, ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಒಟ್ಟು ಅಂಕ (ಸಾಮಾನ್ಯ ವರ್ಗಕ್ಕೆ ಶೇ. 45), ಇಂಗ್ಲಿಷ್ ಪಾಸ್ ಆಗಿರುವುದು, ಈ ಮೂರನ್ನೂ ಖಚಿತ ಮಾಡಿಕೋ. ಪಿಯುಸಿ ಅಂಕಪಟ್ಟಿ ಹುಡುಕಿಡು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ಬಿಎಸ್ಸಿ ನರ್ಸಿಂಗ್ ಸಿಲಬಸ್ ಇಳಿಸಿಕೊಂಡು ಮೊದಲ ಸೆಮಿಸ್ಟರ್ ಮಾತ್ರ ಪ್ರಿಂಟ್ ತೆಗೆಸು. ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಃಶಾಸ್ತ್ರ, ನರ್ಸಿಂಗ್ ಫೌಂಡೇಶನ್, ಇಂಗ್ಲಿಷ್. ಸದ್ಯಕ್ಕೆ ಅಷ್ಟು ಸಾಕು.

ಸಮಯ

ಪರ್ಪಲ್ ಲೈನ್‌ನಲ್ಲಿ ನಿನಗೆ ರೈಲು ಬದಲಿಸುವ ಗೋಜಿಲ್ಲ. ಬೆಳಗಿನ ಆ ಒಂದು ಗಂಟೆಗೂ ಜಾಸ್ತಿ ಪ್ರಯಾಣ ಪೂರ್ತಿ ಜೀವಶಾಸ್ತ್ರಕ್ಕೆ. ಸಂಜೆ ಬರುವಾಗ ಓದಬೇಡ, ಕಣ್ಣು ಮುಚ್ಚಿ ಬೆಳಿಗ್ಗೆ ಓದಿದ್ದನ್ನು ನೆನಪಿಸಿಕೋ. ರಾತ್ರಿ ಊಟ ಆದಮೇಲೆ ಮುಕ್ಕಾಲು ಗಂಟೆ ಲೆಕ್ಕ ಮತ್ತು ರಸಾಯನಶಾಸ್ತ್ರ. ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆ ಕೂರು, ಮಧ್ಯಾಹ್ನದ ಮೇಲೆ ಪುಸ್ತಕ ಮುಚ್ಚು. ಶನಿವಾರ ಪೂರ್ತಿ ಮನೆಯವರಿಗೆ. ಅವರ ಒಪ್ಪಿಗೆ ಇಲ್ಲದೆ ಮುಂದಿನ ನಾಲ್ಕು ವರ್ಷ ಸಾಗುವುದಿಲ್ಲ, ಅಲ್ವಾ?

ನವೆಂಬರ್, ಡಿಸೆಂಬರ್: ದೇಹ

ಎನ್‌ಸಿಇಆರ್‌ಟಿಯ 11ನೇ ತರಗತಿ ಜೀವಶಾಸ್ತ್ರದ ಕೊನೆಯ ಘಟಕದಿಂದ ಶುರು ಮಾಡು. ಉಸಿರಾಟ, ರಕ್ತ ಪರಿಚಲನೆ, ವಿಸರ್ಜನೆ, ಚಲನೆ, ನರಮಂಡಲ, ಹಾರ್ಮೋನು. ಒಂದೊಂದಕ್ಕೆ ಒಂದು ವಾರ ಕೊಡು, ರಕ್ತ ಪರಿಚಲನೆಗೆ ಮಾತ್ರ ಎರಡು ವಾರ. ಈಗಿನ ಪುಸ್ತಕದಲ್ಲಿ ಜೀರ್ಣಕ್ರಿಯೆಯ ಅಧ್ಯಾಯ ತೆಗೆದುಹಾಕಿದ್ದಾರೆ. ವಾರ್ಡಿನಲ್ಲಿ ಅದಿಲ್ಲದೆ ಆಗದು, ಅದಕ್ಕೇ ಅವೆನ್ಯೂ ರೋಡಿನಲ್ಲಿ ಹಳೆಯ ಆವೃತ್ತಿಯೊಂದನ್ನು ಕೊಂಡುಕೋ.

ಹೇಗೆ ಓದಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಕಾಲಿನ ಅಭಿಧಮನಿಯಲ್ಲಿರುವ ಒಂದು ಹನಿ ರಕ್ತ ಎಲ್ಲಿಗೆ ಹೋಗುತ್ತದೆ? ಕೆಳಗಿನ ಮಹಾ ಅಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಅಲ್ಲಿಂದ ನೇರ ಶ್ವಾಸಕೋಶ. ಈಗ ಆಪರೇಷನ್ ಆಗಿ ನಾಲ್ಕು ದಿನ ಮಲಗಿದಲ್ಲೇ ಇರುವ ಅಜ್ಜಿಯನ್ನು ನೆನೆಸಿಕೋ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಕಳಚಿಕೊಂಡರೆ ಅದೇ ದಾರಿಯಲ್ಲಿ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರಾಣಕ್ಕೇ ಅಪಾಯ. ನೋವು ಅಂತ ಅಜ್ಜಿ ಬೈದರೂ ಸಿಸ್ಟರ್ ಎಬ್ಬಿಸಿ ನಡೆಸುವುದು ಇದಕ್ಕೇ. ಚಿತ್ರ ನೋಡದೆ ಈ ದಾರಿ ಬರೆಯಲು ಬರುವ ತನಕ ಮುಂದಿನ ಅಧ್ಯಾಯಕ್ಕೆ ಹೋಗಬೇಡ.

ಮೂತ್ರಪಿಂಡದ ಅಧ್ಯಾಯವೂ ಹಾಗೇ. ದೊಡ್ಡವರಲ್ಲಿ ಒಂದು ಕಿಲೋ ತೂಕಕ್ಕೆ ಗಂಟೆಗೆ 0.5 ಮಿಲಿಯಾದರೂ ಮೂತ್ರ ಬರಬೇಕು. 60 ಕಿಲೋ ಇರುವವರಿಗೆ ಅದು ಗಂಟೆಗೆ 30 ಮಿಲಿ. ಮೂತ್ರದ ಚೀಲದಲ್ಲಿ ಅದಕ್ಕಿಂತ ಕಡಿಮೆ ಕಂಡರೆ ನರ್ಸ್ ಡಾಕ್ಟರಿಗೆ ಹೇಳಬೇಕು. ಈ ಸಂಖ್ಯೆಯನ್ನು ಅಧ್ಯಾಯದ ಪಕ್ಕದಲ್ಲೇ ಬರೆದಿಡು.

ನಿನ್ನ ಹತ್ತಿರ ಬೇರೆಯವರಿಗಿಲ್ಲದ ಒಂದು ಆಸ್ತಿ ಇದೆ. ಹತ್ತು ವರ್ಷ ಡಿಸ್ಚಾರ್ಜ್ ಸಮ್ಮರಿ ಓದಿದ್ದೀಯ. ಆ ಪದಗಳೆಲ್ಲ ನಿನಗೆ ಗೊತ್ತು, ಅವುಗಳ ಹಿಂದಿನ ಕಾರಣ ಮಾತ್ರ ಗೊತ್ತಿಲ್ಲ. ನೆನಪಿಗೆ ಬಂದ ಪದ ಬರೆದು, ಎದುರಿಗೆ ಕಾರಣ ತುಂಬುತ್ತಾ ಹೋಗು. ಆಫೀಸಿನ ಫೈಲಿನಿಂದ ಮಾತ್ರ ಏನನ್ನೂ ನಕಲು ಮಾಡಬೇಡ. ಅದು ಯಾರದೋ ಖಾಸಗಿ ಬದುಕು. ಗುಟ್ಟು ಕಾಪಾಡುವ ಅಭ್ಯಾಸ ಈಗಿನಿಂದಲೇ ಇರಲಿ.

ಜನವರಿ, ಫೆಬ್ರವರಿ: ಲೆಕ್ಕ, ರಸಾಯನ, ಭೌತ

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಹಾಗಾಗಿ ಒಂದೂ ಪ್ರಶ್ನೆ ಬಿಡಬೇಡ. ಭೌತಶಾಸ್ತ್ರದಲ್ಲಿ ಒತ್ತಡ, ದ್ರವಗಳ ಹರಿವು, ಶಾಖ, ವಿದ್ಯುತ್ ಗಟ್ಟಿ ಮಾಡಿಕೋ. ರಸಾಯನಶಾಸ್ತ್ರದಲ್ಲಿ ದ್ರಾವಣಗಳು, ಪಿಎಚ್, ಜೈವಿಕ ಅಣುಗಳು. ಇವು ವಾರ್ಡಿಗೂ ಬೇಕು. ಉಳಿದದ್ದಕ್ಕೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ಸಾಕು.

ಇದರ ಜೊತೆಗೆ ದಿನಕ್ಕೆ ಎರಡು ಔಷಧಿ ಲೆಕ್ಕ. ಸಿಇಟಿಯಲ್ಲಿ ಇದನ್ನು ಕೇಳುವುದಿಲ್ಲ. ಆದರೂ ಬಿಡಬೇಡ, ಏಕೆಂದರೆ ಇಲ್ಲಿ ಒಂದು ಚುಕ್ಕಿ ತಪ್ಪಿದರೆ ಡೋಸ್ ಹತ್ತು ಪಟ್ಟಾಗುತ್ತದೆ. 500 ಮಿಲಿ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್‌ನಲ್ಲಿ ಒಂದು ಮಿಲಿಗೆ 20 ಹನಿ:

500 × 20 ÷ 240 = 41.67

ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಇನ್ನೊಂದು: 10 ಕಿಲೋ ಮಗುವಿಗೆ ಕಿಲೋಗೆ 15 ಮಿಗ್ರಾಂನಂತೆ ಪ್ಯಾರಾಸಿಟಮಾಲ್ ಬರೆದಿದ್ದಾರೆ, ಸಿರಪ್ 5 ಮಿಲಿಯಲ್ಲಿ 125 ಮಿಗ್ರಾಂ. ಬೇಕಾದದ್ದು 150 ಮಿಗ್ರಾಂ, ಅಂದರೆ 6 ಮಿಲಿ. ಕ್ಯಾಲ್ಕುಲೇಟರ್ ಇಲ್ಲದೆ ಮಾಡು. ಉತ್ತರ ಬಂದಮೇಲೆ, ಇಷ್ಟು ಔಷಧಿಯನ್ನು ಒಂದು ಮಗುವಿಗೆ ಕುಡಿಸಬಹುದೇ ಅಂತ ಒಮ್ಮೆ ಯೋಚಿಸು. ಆ ಪ್ರಶ್ನೆ ನಿನ್ನ ಕೈಯನ್ನು ಎಷ್ಟೋ ಸಲ ತಡೆಯುತ್ತದೆ.

ಮಾರ್ಚ್, ಏಪ್ರಿಲ್: ಪರೀಕ್ಷೆ

12ನೇ ತರಗತಿ ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿ, ಅನುವಂಶೀಯತೆ, ಆರೋಗ್ಯ ಮತ್ತು ರೋಗ ಮೊದಲು. ಸಸ್ಯಗಳ ಅಧ್ಯಾಯ ಬೇಜಾರು ಅಂತ ಬಿಡಬೇಡ, ಅಲ್ಲೂ ಅಂಕ ಇದೆ. ಭಾನುವಾರ ಗಡಿಯಾರ ಇಟ್ಟುಕೊಂಡು ಪೂರ್ತಿ ಪತ್ರಿಕೆ ಬರೆ. ಮನೆಯಲ್ಲಿ ಗಲಾಟೆ ಇದ್ದರೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗು, ಮೆಟ್ರೋ ಅಲ್ಲೇ ನಿಲ್ಲುತ್ತದೆ.

ಮೇ, ಜೂನ್: ನರ್ಸಿಂಗ್

ಈಗ ನಿಜವಾದ ವಿಷಯ. ನರ್ಸಿಂಗ್ ಫೌಂಡೇಶನ್ ಪುಸ್ತಕದಿಂದ ನಾಲ್ಕೇ ಅಧ್ಯಾಯ ಓದು: ಕೈ ತೊಳೆಯುವುದು ಮತ್ತು ಸೋಂಕು ತಡೆ, ವೈಟಲ್ಸ್, ಹಾಸಿಗೆ ಹಿಡಿದವರ ಆರೈಕೆ, ಬರೆದಿಡುವುದು. ಮೆಡಿಕಲ್ ಸರ್ಜಿಕಲ್‌ನ ದಪ್ಪ ಪುಸ್ತಕವನ್ನು ಈಗ ಕೊಳ್ಳಬೇಡ, ದುಡ್ಡು ದಂಡ. ನೈಟಿಂಗೇಲ್ 1859ರಲ್ಲಿ ನರ್ಸಿಂಗ್ ಬಗ್ಗೆ ಬರೆದ ಚಿಕ್ಕ ಪುಸ್ತಕ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಗಾಳಿ ಮತ್ತು ಸದ್ದಿನ ಅಧ್ಯಾಯಗಳನ್ನು ಓದು. ಕೋಣೆಯ ಹೊರಗಿನ ಪಿಸುಮಾತು ಕೂಡ ರೋಗಿಯನ್ನು ಕಾಡುತ್ತದೆ ಅಂತ ಅವರು ಅಂದೇ ಕಂಡುಕೊಂಡಿದ್ದರು.

ಸಾಬೂನಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಗಡಿಯಾರ ನೋಡಿ ತೊಳೆ. ಅಮ್ಮನ ನಾಡಿ ಎಣಿಸು. ಮಣಿಕಟ್ಟಿನಿಂದ ಬೆರಳು ತೆಗೆಯದೆ, ಅವರಿಗೆ ಹೇಳದೆ, ಪೂರ್ತಿ ಒಂದು ನಿಮಿಷ ಉಸಿರನ್ನೂ ಎಣಿಸು. ಎಣಿಸುತ್ತಿದ್ದೀಯ ಅಂತ ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ಆರಾಮವಾಗಿ ಕೂತ ದೊಡ್ಡವರಲ್ಲಿ ನಾಡಿ 60ರಿಂದ 100, ಉಸಿರು 12ರಿಂದ 20.

ನರ್ಸಿಂಗ್ ಕೋರ್ಸಿನ ಪರೀಕ್ಷೆ ಇಂಗ್ಲಿಷಿನಲ್ಲಿ, ರೋಗಿಗಳು ಮಾತಾಡುವುದು ಮಾತ್ರ ನಮ್ಮ ಭಾಷೆಯಲ್ಲಿ. ಜೋಮು, ಸೆಳೆತ, ಉರಿಮೂತ್ರ, ಎದೆ ಹಿಡ್ಕೊಂಡ ಹಾಗೆ, ಹೊಟ್ಟೆ ತೊಳಸೋದು. ಸುತ್ತಲಿನವರ ಬಾಯಲ್ಲಿ ಕೇಳಿದ್ದನ್ನು ಬರೆದಿಟ್ಟು, ಯಾವ ಅಂಗ, ಎಷ್ಟು ಹೊತ್ತಿನಿಂದ, ಏನು ಮಾಡಿದರೆ ಜಾಸ್ತಿ ಆಗುತ್ತದೆ ಅಂತ ಮುಂದೆ ಕೇಳಬೇಕಾದ ಪ್ರಶ್ನೆ ಸೇರಿಸು. ಬಸುರಿ ಹೆಂಗಸರ ತಾಯಿ ಕಾರ್ಡ್ ಮನೆಯಲ್ಲಿ ಯಾರದ್ದಾದರೂ ಇದ್ದರೆ ಕೇಳಿ ಪಡೆದು ಓದು. ತೂಕ, ಬಿಪಿ, ಹಿಮೋಗ್ಲೋಬಿನ್, ಟಿಡಿ ಲಸಿಕೆ, ಸಮುದಾಯ ಆರೋಗ್ಯದ ಮೊದಲ ಪಾಠ ಅದರಲ್ಲೇ ಇದೆ.

ಯಾವುದಾದರೂ ವಾರ ಆಫೀಸಿನ ಕೆಲಸ ಮೈಮೇಲೆ ಬಿದ್ದರೆ ಭೌತಶಾಸ್ತ್ರ ಬಿಡು, ಔಷಧಿ ಲೆಕ್ಕ ಬಿಡಬೇಡ. ಎರಡು ವಾರ ತಪ್ಪಿದರೆ ಹಿಂದಿನದ್ದನ್ನು ತುಂಬಿಸಲು ಹೋಗದೆ ಆ ದಿನದ ಪುಟದಿಂದಲೇ ಮುಂದುವರಿ. ತಿಂಗಳ ಕೊನೆಯ ಭಾನುವಾರ ಸಂಜೆ ನನಗೆ ಫೋನ್ ಮಾಡು. ಒಂದು ಅಧ್ಯಾಯ ಬಾಯಲ್ಲಿ ಕೇಳುತ್ತೇನೆ, ಎರಡು ಲೆಕ್ಕ ಕೊಡುತ್ತೇನೆ.