ಪ್ರಕರಣ ಸಾರಾಂಶ: ಸಿಡಿಲಿನ ನಂತರ ನೆಟ್ ಪದೇ ಪದೇ ಕಡಿತ, ಹೊಸನಗರ ತಾಲ್ಲೂಕು

ಮೂಲ: ಇಂಗ್ಲಿಷ್ ಚಾಟ್, 47 ನಿಮಿಷ. ಸ್ಥಿತಿ: ಬಾಕಿ.

ಸಂಜೆ ಸಿಡಿಲು ಹೊಡೆದ ಮೇಲೆ ಗ್ರಾಹಕರ ಫೈಬರ್ ಮೋಡೆಮ್ ಐದಾರು ನಿಮಿಷಕ್ಕೊಮ್ಮೆ ತಾನೇ ಆಫ್ ಆಗಿ ಆನ್ ಆಗುತ್ತಿದೆ. ಹಳೆಯ ಅಡಾಪ್ಟರ್ ಸುಟ್ಟಿದೆ, LAN1 ಪೋರ್ಟೂ ಸತ್ತಿದೆ.

ಅನುವಾದದ ಟಿಪ್ಪಣಿ: ಗ್ರಾಹಕರು "ಲೈನ್ ಹೋಯ್ತು" ಎಂಬುದನ್ನೇ ಇಂಗ್ಲಿಷಿಗೆ ಇಳಿಸಿ ಬರೆದಿದ್ದಾರೆ. ನಮ್ಮ ಕಡೆ ಹಾಗಂದರೆ ಕರೆಂಟ್ ಹೋಯಿತು ಎಂದರ್ಥ. ಸಿಬ್ಬಂದಿ ಕೇಬಲ್ ತುಂಡಾಗಿದೆ ಎಂದುಕೊಂಡು 20 ನಿಮಿಷ ಕಳೆದರು. ಇಲ್ಲಿ "ವಿದ್ಯುತ್ ಹೋಯಿತು" ಎಂದೇ ಬರೆದಿದೆ.

ಪರಿಶೀಲನೆ: ಮೋಡೆಮ್‌ನ PON ದೀಪ ಹಸಿರು, LOS ದೀಪ ಆರಿದೆ, ಒಳಬರುವ ಸಿಗ್ನಲ್ -21.4 dBm. ಫೈಬರ್ ಸರಿಯಿದೆ.

ಕಾರಣ: ಗ್ರಾಹಕರು ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಹಾಕಿದ್ದಾರೆ. ಅದು 12 ವೋಲ್ಟ್, 0.5 ಆಂಪಿಯರ್, ಮೋಡೆಮ್‌ಗೆ ಬೇಕಿರುವುದು 12 ವೋಲ್ಟ್, 1.5 ಆಂಪಿಯರ್. ಪಿನ್ ಕೂರುತ್ತದೆ, ದೀಪವೂ ಹತ್ತುತ್ತದೆ, ಆದರೆ ವೈಫೈ ಮೇಲೆ ಹೊರೆ ಬಿದ್ದ ಕೂಡಲೇ ವೋಲ್ಟೇಜ್ ಕುಸಿದು ಮೋಡೆಮ್ ರೀಸ್ಟಾರ್ಟ್ ಆಗುತ್ತದೆ. ವೈಫೈ ಆಫ್ ಮಾಡಿ LAN2ಗೆ ಕೇಬಲ್ ಹಾಕಿಸಿದಾಗ 15 ನಿಮಿಷ ಕಡಿತವಾಗಲಿಲ್ಲ.

ಮುಂದಿನ ಕ್ರಮ: 12 ವೋಲ್ಟ್, 1.5 ಆಂಪಿಯರ್ ಅಡಾಪ್ಟರ್ ಕಳಿಸಬೇಕು. ಕೇಬಲ್ ಜೋಡಿಸುವವರನ್ನು ಕಳಿಸುವುದು ಬೇಡ. ಹೊಸ ಅಡಾಪ್ಟರಿನಲ್ಲೂ ರೀಸ್ಟಾರ್ಟ್ ಆದರೆ ಮೋಡೆಮ್ ಬದಲಿಸಬೇಕು.