ಹುದ್ದೆಯ ವಿವರ: ಅಕೌಂಟ್ಸ್ ಅಸಿಸ್ಟೆಂಟ್, ಪೈಪ್ ಮತ್ತು ಸ್ಯಾನಿಟರಿ ಸಗಟು ವ್ಯಾಪಾರ, ಹುಬ್ಬಳ್ಳಿ

ಒಂದು ಹುದ್ದೆ ಖಾಲಿ ಇದೆ. ಹಿರಿಯ ಅಕೌಂಟೆಂಟ್ ಕೈಕೆಳಗೆ ಕೆಲಸ. ಲೆಕ್ಕವೆಲ್ಲ ಟ್ಯಾಲಿ ಪ್ರೈಮ್‌ನಲ್ಲಿದೆ.

ದಿನದ ಕೆಲಸ

ಬೆಳಿಗ್ಗೆ 11ರೊಳಗೆ ಹಿಂದಿನ ದಿನದ ಕ್ಯಾಶ್ ಬುಕ್ ತಾಳೆ ಹಾಕಬೇಕು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಹೊಂದಿಸಿ ಬರೆಯದೆ ಹಿರಿಯರಿಗೆ ತಿಳಿಸಬೇಕು.

ಹೆಚ್ಚು ಹೊತ್ತು ಹಿಡಿಯುವುದು ಖರೀದಿ ಬಿಲ್ಲುಗಳ ಎಂಟ್ರಿ, ದಿನಕ್ಕೆ 30ರಿಂದ 40. ಎಂಟ್ರಿಗೆ ಮೊದಲು ಬಿಲ್ಲಿನ ಪ್ರಮಾಣವನ್ನು ಗೋದಾಮಿನ ಇನ್‌ವರ್ಡ್ ರಿಜಿಸ್ಟರ್ ಜತೆ, ದರವನ್ನು ಆರ್ಡರ್ ಜತೆ ನೋಡಬೇಕು. ನಮ್ಮ ಜಿಎಸ್‌ಟಿ ನಂಬರ್, ಎಚ್‌ಎಸ್‌ಎನ್ ಕೋಡ್, ತೆರಿಗೆಯ ದರ ಸರಿಯಿವೆಯೇ ನೋಡಬೇಕು. ಕೊಲ್ಹಾಪುರದ ಸರಬರಾಜುದಾರರ ನಂಬರ್ 27ರಿಂದ ಶುರುವಾಗುತ್ತದೆ, ನಮ್ಮದು 29ರಿಂದ. ಅಲ್ಲಿಂದ ಬಂದ ಮಾಲಿಗೆ ಐಜಿಎಸ್‌ಟಿ ಇರಬೇಕು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದ್ದರೆ ಬಿಲ್ ವಾಪಸ್. ಮಾಲು ಕಡಿಮೆ ಬಂದಿದ್ದರೆ ಡೆಬಿಟ್ ನೋಟ್ ಕರಡು ತಯಾರಿಸಬೇಕು.

ಯಾರದೆಂದು ತಿಳಿಯದ ಯುಪಿಐ ಜಮೆಯನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ಅದೇ ದಿನ ಸೇಲ್ಸ್‌ನವರನ್ನು ಕೇಳಬೇಕು. ಅಂದಾಜಿನ ಮೇಲೆ ಒಬ್ಬರ ಖಾತೆಗೆ ಹಾಕಿಬಿಟ್ಟರೆ, ದುಡ್ಡು ಕೊಟ್ಟವರ ಮನೆಗೇ ಮತ್ತೆ ವಸೂಲಿಗೆ ಹೋಗುವ ಪ್ರಸಂಗ ಬರುತ್ತದೆ.

ವಾರ ಮತ್ತು ತಿಂಗಳ ಕೆಲಸ

ಪ್ರತಿ ಸೋಮವಾರ ಎರಡು ಬ್ಯಾಂಕ್ ಖಾತೆಗಳ ತಾಳೆ. ಶನಿವಾರ 30, 60, 90 ದಿನ ದಾಟಿದ ಬಾಕಿಗಳ ಪಟ್ಟಿ. ವಸೂಲಿ ಫೋನ್ ಸೇಲ್ಸ್‌ನವರ ಕೆಲಸ.

ತಿಂಗಳ 8ಕ್ಕೆ ಮಾರಾಟದ ಪಟ್ಟಿ ಆಡಿಟರ್ ಕೈಸೇರಬೇಕು, ಏಕೆಂದರೆ ಜಿಎಸ್‌ಟಿಆರ್-1 ಗಡುವು 11. 14ರಂದು ಜಿಎಸ್‌ಟಿಆರ್-2ಬಿ ಬಂದ ಮೇಲೆ ಖರೀದಿ ರಿಜಿಸ್ಟರ್‌ಗೆ ಹೋಲಿಸಿ, 2ಬಿಯಲ್ಲಿ ಕಾಣದ ಬಿಲ್ಲುಗಳ ಬಗ್ಗೆ ಸರಬರಾಜುದಾರರಿಗೆ ಫೋನ್ ಮಾಡಬೇಕು. ಅಲ್ಲಿ ಇಲ್ಲದ ಬಿಲ್ಲಿಗೆ ಆ ತಿಂಗಳು ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ.

ಈ ಹುದ್ದೆಗೆ ಸೇರದ್ದು

ರಿಟರ್ನ್ ಸಲ್ಲಿಕೆ, ಚೆಕ್ ಸಹಿ, ಆನ್‌ಲೈನ್ ಪಾವತಿ, ಕ್ಯಾಶ್ ಪೆಟ್ಟಿಗೆಯ ಬೀಗ. ಕೌಂಟರ್‌ನಲ್ಲಿ ಕೂರಿಸುವುದಿಲ್ಲ.

ಬೇಕಾದ ಅರ್ಹತೆ

ಬಿಕಾಂ, ಅಥವಾ ಪಿಯುಸಿ ವಾಣಿಜ್ಯದ ಜತೆ ಒಂದು ವರ್ಷ ಟ್ಯಾಲಿ ಎಂಟ್ರಿ ಮಾಡಿದ ಅನುಭವ. ಎಕ್ಸೆಲ್‌ನಲ್ಲಿ ಫಿಲ್ಟರ್, ವಿಲುಕಪ್ ಬರಬೇಕು. ಫೋನ್‌ನಲ್ಲಿ ಕನ್ನಡ, ಹಿಂದಿ ಸಾಕು. ‘ಒತ್ತಡದಲ್ಲೂ ದುಡಿಯುವ ಚುರುಕು ವ್ಯಕ್ತಿ’ ಎಂಬ ಷರತ್ತು ಇಲ್ಲ. ಒತ್ತಡ ಇರುವುದು 8ರಿಂದ 14ರವರೆಗೆ, ಆಗ ಸಂಜೆ 7.30ರವರೆಗೆ ಕೂರಬೇಕಾಗುತ್ತದೆ, ಓಟಿ ಕೊಡುತ್ತೇವೆ.

ಸಮಯ, ಸಂಬಳ

ಬೆಳಿಗ್ಗೆ 10ರಿಂದ 6.30, ಭಾನುವಾರ ರಜೆ. ಸಂಬಳ ತಿಂಗಳಿಗೆ ₹17,000ದಿಂದ ₹20,000. ಪಿಎಫ್, ಇಎಸ್‌ಐ ಇವೆ. ನೌಕರರ ಪಾಲು ಇದರಲ್ಲೇ ಕಡಿತ.

ಆಯ್ಕೆ

ಬಯೋಡೇಟಾ ಹಿಡಿದು ಕೆಲಸದ ದಿನ ಮಧ್ಯಾಹ್ನ 3ರಿಂದ 5ರೊಳಗೆ ಗೋಕುಲ ರಸ್ತೆಯ ನಮ್ಮ ಗೋದಾಮಿನ ಕಚೇರಿಗೆ ಬರಬೇಕು. ಒಂದು ಗಂಟೆಯ ಪರೀಕ್ಷೆ ಇರುತ್ತದೆ: ಹತ್ತು ಬಿಲ್ಲುಗಳ ಎಂಟ್ರಿ, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ. ಬಿಲ್ಲುಗಳಲ್ಲಿ ಎರಡು ಬೇಕೆಂದೇ ತಪ್ಪಾಗಿರುತ್ತವೆ.