ಅನುಬಂಧ 3: ಹೂಡಿಕೆಯ ನಂತರದ ಪ್ರಗತಿ ಸೂಚಕಗಳು ಮತ್ತು ಮೈಲಿಗಲ್ಲುಗಳು

(ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ ಘಟಕದ ವಿಸ್ತರಣೆಗಾಗಿ ಮಾಡಿಕೊಂಡ ಷೇರು ಹೂಡಿಕೆ ಒಪ್ಪಂದಕ್ಕೆ ಸೇರಿದ ಭಾಗ, ಅವಧಿ: 1 ಜುಲೈ 2026ರಿಂದ 30 ಜೂನ್ 2028ರವರೆಗೆ)

ಹಣ ಮತ್ತು ಕಂತುಗಳು

ಒಟ್ಟು ಹೂಡಿಕೆ ₹1.80 ಕೋಟಿ. ಇದು ₹90 ಲಕ್ಷ, ₹50 ಲಕ್ಷ ಮತ್ತು ₹40 ಲಕ್ಷದ ಮೂರು ಕಂತುಗಳಲ್ಲಿ ಬರುತ್ತದೆ. ಮೊದಲ ಕಂತಿನಲ್ಲಿ ₹34 ಲಕ್ಷ ಆರು ಹೊಸ ಗಾಣ, ಕಾಯಿ ಒಡೆಯುವ ಯಂತ್ರ ಮತ್ತು ಸೋಸುವ ಯಂತ್ರಕ್ಕೆ, ₹16 ಲಕ್ಷ ಗೋದಾಮಿಗೆ, ₹22 ಲಕ್ಷ ಶೇಂಗಾ ಖರೀದಿಗೆ ಹೋಗುತ್ತದೆ. ಉಳಿದ ₹18 ಲಕ್ಷ, ಘಟಕ ತನ್ನ ಕಾಲ ಮೇಲೆ ನಿಲ್ಲುವವರೆಗಿನ ತಿಂಗಳುಗಳ ನಷ್ಟ ತುಂಬಲು ಮೀಸಲು. ಷೇರುಗಳನ್ನು ಖಾಸಗಿ ಹಂಚಿಕೆಯ ಮೂಲಕ ನೀಡುವುದರಿಂದ, 2013ರ ಕಂಪನಿಗಳ ಕಾಯ್ದೆಯ 42ನೇ ಸೆಕ್ಷನ್‌ನಂತೆ ಪ್ರತಿ ಕಂತಿನ ಹಣವೂ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇರುತ್ತದೆ, ಮತ್ತು ಷೇರು ಹಂಚಿಕೆಯ ವಿವರವನ್ನು ಕಂಪನಿಗಳ ನೋಂದಣಿ ಕಚೇರಿಗೆ ಸಲ್ಲಿಸುವ ತನಕ ಅದರಲ್ಲಿ ಒಂದು ರೂಪಾಯಿಯನ್ನೂ ಬಳಸಲಾಗುವುದಿಲ್ಲ.

ಒಟ್ಟು ಮಾರಾಟವನ್ನು ಮೊದಲ ಸೂಚಕವಾಗಿ ಏಕೆ ಇಟ್ಟಿಲ್ಲ

ಎಣ್ಣೆ ವ್ಯಾಪಾರದಲ್ಲಿ ಮಾರಾಟದ ಮೊತ್ತ ಏರುವುದಕ್ಕೂ ಹಣ ಉಳಿಯುವುದಕ್ಕೂ ನೇರ ಸಂಬಂಧವಿಲ್ಲ. ಶೇಂಗಾ ದರ ಏರಿದಾಗ ಎಣ್ಣೆಯ ಬೆಲೆಯೂ ಏರುತ್ತದೆ, ಮಾರಾಟದ ಅಂಕಿ ದೊಡ್ಡದಾಗಿ ಕಾಣುತ್ತದೆ, ಆದರೆ ಗೋದಾಮಿನಲ್ಲಿ ಅಷ್ಟೇ ಬೀಜ ತುಂಬಲು ಇನ್ನೂ ಹೆಚ್ಚು ಹಣ ಬೇಕಾಗುತ್ತದೆ. 2025–26ರಲ್ಲಿ ನಮಗೆ ಆದದ್ದು ಇದೇ: ಮಾರಾಟ ಏರಿತು, ಬ್ಯಾಂಕಿನ ಶಿಲ್ಕು ಇಳಿಯಿತು. ನವೆಂಬರ್‌ನಲ್ಲಿ ದರ ಇನ್ನೂ ಏರಬಹುದೆಂಬ ಅಂಜಿಕೆಯಿಂದ ತೇವಾಂಶ ಹೆಚ್ಚಿದ್ದ ಬೀಜವನ್ನು ಅವಸರದಲ್ಲಿ ಕೊಂಡದ್ದು ನಮ್ಮದೇ ತಪ್ಪು. ಫೆಬ್ರವರಿಯ ಹೊತ್ತಿಗೆ ಅದೇ ಬೀಜ ತೂಕದಲ್ಲಿ ಕಡಿಮೆಯಾಗಿತ್ತು, ಗಾಣದಲ್ಲಿ ಎಣ್ಣೆಯನ್ನೂ ಕಡಿಮೆ ಕೊಟ್ಟಿತು. ಆದ್ದರಿಂದ ಈ ಅನುಬಂಧದಲ್ಲಿ ಬೀಜ ಎಣ್ಣೆಯಾಗಿ, ಎಣ್ಣೆ ಮತ್ತೆ ಹಣವಾಗಿ ತಿರುಗುವ ದಾರಿಯ ಅಂಕಿಗಳೇ ಮುಂದೆ ನಿಂತಿವೆ.

ಮುಖ್ಯ ಸೂಚಕಗಳು

ಎಲ್ಲಕ್ಕಿಂತ ಮುಖ್ಯವಾದದ್ದು ಎಣ್ಣೆಯ ಇಳುವರಿ, ಅಂದರೆ ಗಾಣಕ್ಕೆ ಹಾಕಿದ ಪ್ರತಿ 100 ಕಿಲೋ ಶೇಂಗಾ ಬೀಜಕ್ಕೆ ಸೋಸಿದ ನಂತರ ಸಿಗುವ ಎಣ್ಣೆಯ ತೂಕ. ಈಗಿನ ಸರಾಸರಿ 38 ಕಿಲೋ. ಗುರಿ 40 ಕಿಲೋ. ಎರಡು ಕಿಲೋ ಎಂದರೆ ಸಣ್ಣದೆನಿಸಬಹುದು. ಆದರೆ 38ರ ಇಳುವರಿಯಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು 2.4 ಕಿಲೋ ಬೀಜ ಬೇಕು, 40ರಲ್ಲಿ 2.28 ಕಿಲೋ ಸಾಕು. ಬೀಜದ ದರ ಕಿಲೋಗೆ ₹110 ಮತ್ತು ಹಿಂಡಿಯ ದರ ₹45 ಎಂದು ಹಿಡಿದರೆ, ಹಿಂಡಿ ಕಡಿಮೆಯಾದದ್ದನ್ನು ಕಳೆದ ಮೇಲೂ ಲೀಟರಿಗೆ ಸುಮಾರು ₹7.80 ಉಳಿಯುತ್ತದೆ. ತಿಂಗಳಿಗೆ 9,000 ಲೀಟರ್ ಮಾರುವ ಹೊತ್ತಿಗೆ ಇದು ಸುಮಾರು ₹70,000. ಇಳುವರಿಯನ್ನು ಲೀಟರಿನಲ್ಲಿ ಅಳೆಯದೆ ತೂಕದಲ್ಲೇ ಅಳೆಯಲಾಗುತ್ತದೆ. ಏಕೆಂದರೆ ಗಾಣದಿಂದ ಬೆಚ್ಚಗೆ ಇಳಿದ ಎಣ್ಣೆ ಅಳತೆಯಲ್ಲಿ ಹೆಚ್ಚು ತೋರಿ ತಣ್ಣಗಾದ ಮೇಲೆ ಕುಗ್ಗುತ್ತದೆ. ಪ್ರತಿ ಗಾಣಕ್ಕೂ ಒಂದು ದಿನಚರಿ ಪುಸ್ತಕ ಇರುತ್ತದೆ, ಮತ್ತು ಹತ್ತು ಗಾಣಗಳ ಸರಾಸರಿಯ ಜೊತೆಗೆ ಅತಿ ಕಡಿಮೆ ಕೊಟ್ಟ ಗಾಣದ ಅಂಕಿಯನ್ನೂ ವರದಿಯಲ್ಲಿ ತೋರಿಸಲಾಗುತ್ತದೆ. ಸರಾಸರಿಯ ಮರೆಯಲ್ಲಿ ಸವೆದ ಗಾಣವೊಂದು ತಿಂಗಳುಗಟ್ಟಲೆ ಅಡಗಿರಬಲ್ಲದು ಎಂಬುದನ್ನು ನಾವು ಕಂಡಿದ್ದೇವೆ.

ಎರಡನೆಯದು ಲೀಟರಿಗೆ ಉಳಿಯುವ ಹಣ. ಜಿಎಸ್‌ಟಿ ಮತ್ತು ಅಂಗಡಿಯವರ ಕಮಿಷನ್ ಕಳೆದು ಕೈಗೆ ಬರುವ ಬೆಲೆಯಿಂದ ಬೀಜ, ಬಾಟಲಿ, ವಿದ್ಯುತ್, ಗಾಣದ ಕೂಲಿ ಮತ್ತು ಸಾಗಣೆಯನ್ನು ಕಳೆದು, ಹಿಂಡಿಯಿಂದ ಬಂದದ್ದನ್ನು ಕೂಡಿದರೆ ಉಳಿಯುವ ಮೊತ್ತ ಇದು. ಈಗ ₹29 ಇದೆ. ಸೆಪ್ಟೆಂಬರ್ 2027ಕ್ಕೆ ₹36, ಮಾರ್ಚ್ 2028ಕ್ಕೆ ₹42 ತಲುಪಬೇಕು. ವಿಸ್ತರಣೆಯ ನಂತರ ಸಂಬಳ, ಬಾಡಿಗೆ, ಬಡ್ಡಿ ಸೇರಿ ತಿಂಗಳ ಸ್ಥಿರ ಖರ್ಚು ₹3.10 ಲಕ್ಷ ಆಗುವುದರಿಂದ, ₹42ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 7,400 ಲೀಟರ್ ಮಾರಿದಾಗ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ ಮುಟ್ಟುತ್ತೇವೆ. ಈಗಿನ ಮಾರಾಟ 3,600 ಲೀಟರ್.

ಮೂರನೆಯದು ದಾಸ್ತಾನಿನ ದಿನಗಳು, ಅಂದರೆ ಗೋದಾಮಿನಲ್ಲಿರುವ ಬೀಜ ಎಷ್ಟು ದಿನದ ಗಾಣಕ್ಕೆ ಸಾಕು ಎಂಬ ಲೆಕ್ಕ. ಈ ಸೂಚಕಕ್ಕೆ ವರ್ಷಪೂರ್ತಿ ಒಂದೇ ಗುರಿ ಇಡುವುದು ಅರ್ಥಹೀನ. ನಮ್ಮ ಸೀಮೆಯ ಮಳೆಯಾಶ್ರಿತ ಶೇಂಗಾ ಅಕ್ಟೋಬರ್, ನವೆಂಬರ್‌ನಲ್ಲಿ ಕೀಳುವ ಬೆಳೆ. ಜನವರಿ ಕೊನೆಗೆ 75 ದಿನದ ಬೀಜ ಇರಬೇಕು, 90 ದಿನ ಮೀರಬಾರದು, ಆಗಸ್ಟ್‌ನಲ್ಲಿ 30 ದಿನಕ್ಕಿಂತ ಕೆಳಗಿಳಿಯಬಾರದು. ಶೇ. 8ಕ್ಕಿಂತ ಹೆಚ್ಚು ತೇವಾಂಶದ ಬೀಜವನ್ನು ಗೋದಾಮಿಗೆ ತೆಗೆದುಕೊಳ್ಳುವುದಿಲ್ಲ, ಮತ್ತು ಗೋದಾಮಿನಲ್ಲಿ ಆಗುವ ತೂಕದ ನಷ್ಟ ಶೇ. 2ನ್ನು ದಾಟಬಾರದು.

ಇದಕ್ಕೆ ಹೊಂದಿಕೊಂಡದ್ದೇ ನೇರ ಖರೀದಿಯ ಪಾಲು. ಮಾರುಕಟ್ಟೆಯಲ್ಲಿ ಹಲವು ಹೊಲಗಳ, ಹಲವು ತೇವಾಂಶಗಳ ಕಾಯಿ ಒಂದೇ ರಾಶಿಯಾಗಿ ಸಿಗುತ್ತದೆ. ರೈತರಿಂದ ನೇರವಾಗಿ ಕೊಂಡರೆ ಒಣಗಿದ ಕಾಯಿಯನ್ನು ಆರಿಸಿಕೊಳ್ಳಬಹುದು. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರಿಂದ ಈಗ ಶೇ. 25ರಷ್ಟು ಕೊಳ್ಳುತ್ತಿದ್ದೇವೆ, 2027ರ ಸುಗ್ಗಿಗೆ ಶೇ. 45 ಆಗಬೇಕು. ತೂಕವಾದ ಮೂರು ದಿನದೊಳಗೆ ಹಣ ಕೊಟ್ಟ ಖರೀದಿಯನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯಲಾಗುತ್ತದೆ, ಏಕೆಂದರೆ ಹಣ ತಡವಾದ ರೈತ ಮುಂದಿನ ವರ್ಷ ನಮ್ಮ ಬಾಗಿಲಿಗೆ ಬರುವುದಿಲ್ಲ.

ಮಾರಾಟದ ಕಡೆ ಎರಡು ಅಂಕಿಗಳು ಸಾಕು. ಅಂಗಡಿಗಳಿಂದ ಬಾಕಿ ವಸೂಲಿಗೆ ಈಗ ಸರಾಸರಿ 41 ದಿನ ಹಿಡಿಯುತ್ತಿದೆ, ಅದು 30 ದಿನಕ್ಕೆ ಇಳಿಯಬೇಕು, 60 ದಿನ ಮೀರಿದ ಬಾಕಿ ಒಟ್ಟು ಬಾಕಿಯ ಶೇ. 8ರ ಒಳಗಿರಬೇಕು. ನಮ್ಮಿಂದ ನೇರವಾಗಿ ಮೊದಲ ಸಲ ಎಣ್ಣೆ ಕೊಂಡ ಮನೆಗಳಲ್ಲಿ 90 ದಿನದೊಳಗೆ ಮತ್ತೆ ಕೊಂಡವರು ಈಗ ಶೇ. 34, ಅದು ಶೇ. 45 ಆಗಬೇಕು. ಸಾಮಾಜಿಕ ಜಾಲತಾಣದ ಹಿಂಬಾಲಕರ ಸಂಖ್ಯೆ ಯಾವ ವರದಿಯಲ್ಲೂ ಇರುವುದಿಲ್ಲ. ಮೆಚ್ಚುಗೆ ಒತ್ತಿದವರು ಎಣ್ಣೆ ಕೊಂಡೇ ಕೊಳ್ಳುತ್ತಾರೆಂದು ನಾವು ನಂಬಿಲ್ಲ.

ಗುಣಮಟ್ಟದ ವಿಷಯದಲ್ಲಿ ರಿಯಾಯಿತಿ ಇಲ್ಲ. ಪ್ರತಿ ಬೀಜದ ಲಾಟ್‌ನಿಂದ ಮಾದರಿ ತೆಗೆದು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಲಾಗುತ್ತದೆ, ಮತ್ತು ಎಣ್ಣೆಯ ಆಮ್ಲಾಂಕವನ್ನು 2ರ ಒಳಗೆ ಇಡಲಾಗುತ್ತದೆ. ಪರೀಕ್ಷೆಯಲ್ಲಿ ಬಿದ್ದ ಲಾಟ್‌ಗಳ ಸಂಖ್ಯೆಯನ್ನು, ಸೊನ್ನೆಯಾದರೂ, ಪ್ರತಿ ತಿಂಗಳು ಬರೆಯಲಾಗುತ್ತದೆ.

ಮೈಲಿಗಲ್ಲುಗಳು

ಮೊದಲ ಮೈಲಿಗಲ್ಲು 30 ಸೆಪ್ಟೆಂಬರ್ 2026: ಹತ್ತೂ ಗಾಣಗಳು ಓಡುತ್ತಿರಬೇಕು, ಬೆಸ್ಕಾಂನಿಂದ ಹೆಚ್ಚುವರಿ ವಿದ್ಯುತ್ ಲೋಡ್ ಮಂಜೂರಾಗಿರಬೇಕು, ಎಫ್‌ಎಸ್‌ಎಸ್‌ಎಐ ಪರವಾನಗಿಯಲ್ಲಿ ಹೊಸ ಉತ್ಪಾದನಾ ಸಾಮರ್ಥ್ಯ ನಮೂದಾಗಿರಬೇಕು, ಗೋದಾಮಿನ ನೆಲ ಹೊಸ ಬೆಳೆ ಬರುವ ಮುಂಚೆ ಒಣಗಿರಬೇಕು. ಇದು ತಪ್ಪಿದರೆ ಇಡೀ ಸುಗ್ಗಿಯೇ ಕೈತಪ್ಪುವ ಕಾರಣ, ಇದೊಂದರ ಪ್ರಗತಿಯನ್ನು ಜುಲೈನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತಿಳಿಸಲಾಗುತ್ತದೆ.

31 ಮಾರ್ಚ್ 2027ರ ಹೊತ್ತಿಗೆ, ಹೊಸ ಬೀಜದ ಮೇಲೆ ಸತತ ಎರಡು ತಿಂಗಳು 40ರ ಇಳುವರಿ ಬಂದಿರಬೇಕು ಮತ್ತು ಮಾರಾಟ ತಿಂಗಳಿಗೆ 4,500 ಲೀಟರ್ ಮುಟ್ಟಿರಬೇಕು.

ಎರಡನೇ ಕಂತಿನ ₹50 ಲಕ್ಷ 30 ಸೆಪ್ಟೆಂಬರ್ 2027ರ ಮೈಲಿಗಲ್ಲಿಗೆ ಕಟ್ಟಿಕೊಂಡಿದೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳಲ್ಲಿ 6,500 ಲೀಟರಿಗೆ ಕಡಿಮೆಯಾಗದ ಮಾರಾಟ ಮತ್ತು ಲೀಟರಿಗೆ ₹36 ಉಳಿಕೆ ತೋರಿಸಿದರೆ ಹಣ ಅಕ್ಟೋಬರ್ 15ರೊಳಗೆ ಬರಬೇಕು. ಹೂಡಿಕೆದಾರರು ಈ ದಿನಾಂಕವನ್ನು ಡಿಸೆಂಬರ್‌ಗೆ ಮುಂದೂಡುವ ಸಲಹೆ ಮಾಡಿದ್ದರು. ಬೀಜ ಕೊಳ್ಳುವ ಕಾಲದಲ್ಲಿ ಹಣವಿಲ್ಲದೆ, ಕಾಲ ಮುಗಿದ ಮೇಲೆ ಬಂದ ಹಣದಿಂದ ಪ್ರಯೋಜನವಿಲ್ಲವೆಂಬ ಕಾರಣಕ್ಕೆ ಎರಡೂ ಕಡೆಯವರು ಅಕ್ಟೋಬರ್ ಅನ್ನೇ ಒಪ್ಪಿಕೊಂಡಿದ್ದಾರೆ.

ಮೂರನೇ ಕಂತಿನ ₹40 ಲಕ್ಷ ಬೆಂಗಳೂರಿನ ವಿತರಣೆಗೆ. ಫೆಬ್ರವರಿ ಮತ್ತು ಮಾರ್ಚ್ 2028ರಲ್ಲಿ ಘಟಕ ತನ್ನ ಸ್ಥಿರ ಖರ್ಚನ್ನು ತಾನೇ ತುಂಬಿಕೊಂಡರೆ ಮಾತ್ರ ಅದು ಬಿಡುಗಡೆಯಾಗುತ್ತದೆ. ಅವಧಿಯ ಕೊನೆಯ ಗುರಿ, ಜೂನ್ 2028ಕ್ಕೆ ತಿಂಗಳಿಗೆ 9,000 ಲೀಟರ್. ಹತ್ತು ಗಾಣಗಳ ಪೂರ್ಣ ಸಾಮರ್ಥ್ಯ ಸುಮಾರು 10,900 ಲೀಟರ್ ಆದ್ದರಿಂದ ಇದಕ್ಕಾಗಿ ಹೊಸ ಯಂತ್ರ ಕೇಳುವುದಿಲ್ಲ.

ವರದಿ ಮತ್ತು ಪರಿಶೀಲನೆ

ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಹಿಂದಿನ ತಿಂಗಳ ಒಂದು ಪುಟದ ವರದಿ, ತ್ರೈಮಾಸಿಕ ಮುಗಿದ 30 ದಿನದೊಳಗೆ ಸಭೆ, ಆರ್ಥಿಕ ವರ್ಷ ಮುಗಿದ ಮೇಲೆ ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ. ತಿಂಗಳ ವರದಿಯ ಮೊದಲ ಸಾಲಿನಲ್ಲೇ ಬ್ಯಾಂಕಿನ ಶಿಲ್ಕು ಇರುತ್ತದೆ, ಅದು ₹5 ಲಕ್ಷಕ್ಕಿಂತ ಕೆಳಗಿಳಿಯುವ ಸೂಚನೆ ಕಂಡರೆ ತಿಂಗಳ ಕೊನೆಗೆ ಕಾಯದೆ ತಿಳಿಸಲಾಗುತ್ತದೆ. ದೀಪಾವಳಿಯ ತಿಂಗಳ ಮಾರಾಟವನ್ನು ಅದರ ಹಿಂದಿನ ತಿಂಗಳ ಜೊತೆ ಹೋಲಿಸದೆ ಹಿಂದಿನ ವರ್ಷದ ಹಬ್ಬದ ತಿಂಗಳ ಜೊತೆ ಹೋಲಿಸಬೇಕು. ಎರಡು ದಿನ ಮುಂಚೆ ತಿಳಿಸಿ ಬಂದ ಹೂಡಿಕೆದಾರರು ಗಾಣದ ಪುಸ್ತಕವನ್ನೂ ಗೋದಾಮಿನ ಚೀಲಗಳನ್ನೂ ಸ್ವತಃ ಎಣಿಸಿ ನೋಡಬಹುದು. ಒಮ್ಮೆ ಕಳುಹಿಸಿದ ಅಂಕಿಯನ್ನು ತಿದ್ದಬೇಕಾಗಿ ಬಂದರೆ ಹಳೆಯ ಅಂಕಿಯನ್ನು ಅಳಿಸದೆ, ಪಕ್ಕದಲ್ಲಿ ಹೊಸದನ್ನೂ ಕಾರಣವನ್ನೂ ಬರೆಯಲಾಗುತ್ತದೆ.

ಗುರಿ ತಪ್ಪಿದಾಗ

ಇಳುವರಿ ಅಥವಾ ವಸೂಲಿಯ ಗುರಿ ಸತತ ಎರಡು ತಿಂಗಳು ತಪ್ಪಿದರೆ ಕಾರಣವನ್ನೂ ಸರಿಪಡಿಸುವ ಕ್ರಮವನ್ನೂ ಬರಹದಲ್ಲಿ ಕೊಡಬೇಕು. ಕಂತಿಗೆ ಕಟ್ಟಿದ ಮೈಲಿಗಲ್ಲು ತಪ್ಪಿದರೆ ಕಂಪನಿಗೆ 60 ದಿನದ ಹೆಚ್ಚುವರಿ ಕಾಲಾವಕಾಶ ಇರುತ್ತದೆ. ಅದರ ನಂತರ ಕಂತನ್ನು ಪೂರ್ತಿ ಕೊಡುವುದೋ, ಭಾಗವಾಗಿ ಕೊಡುವುದೋ, ತಡೆಯುವುದೋ ಹೂಡಿಕೆದಾರರ ತೀರ್ಮಾನ.

ಮಳೆ ಕೈಕೊಟ್ಟ ವರ್ಷಕ್ಕೆ ಒಂದು ವಿನಾಯಿತಿ ಉಂಟು. ಚಳ್ಳಕೆರೆ ಎಪಿಎಂಸಿಯ ಶೇಂಗಾ ದರದ ಲೆಕ್ಕದಲ್ಲಿ ಬೀಜದ ಬೆಲೆ ಸತತ 30 ದಿನ ಕಿಲೋಗೆ ₹140 ದಾಟಿದರೆ, ಮಾರಾಟದ ಲೀಟರ್ ಮತ್ತು ಲೀಟರಿನ ಉಳಿಕೆಯ ಗುರಿಗಳು ಒಂದು ತ್ರೈಮಾಸಿಕ ಮುಂದಕ್ಕೆ ಹೋಗುತ್ತವೆ, ಅವುಗಳಿಗೆ ಕಟ್ಟಿದ ಕಂತಿನ ದಿನಾಂಕವೂ ಹಾಗೆಯೇ. ಇಳುವರಿ, ಗೋದಾಮಿನ ನಷ್ಟ, ವಸೂಲಿ ಮತ್ತು ಗುಣಮಟ್ಟದ ಗುರಿಗಳು ಮಾತ್ರ ಕದಲುವುದಿಲ್ಲ. ಬರಗಾಲ ಬಂದರೂ ಗಾಣದ ಸವೆದ ಮರವನ್ನು ಬದಲಿಸುವುದು ನಮ್ಮ ಕೈಯಲ್ಲೇ ಇದೆ.

ಮೊದಲ ಮಾಸಿಕ ವರದಿ 10 ಆಗಸ್ಟ್ 2026ರಂದು ಹೂಡಿಕೆದಾರರ ಕೈಸೇರುತ್ತದೆ.

ಆಡಳಿತ ನಿರ್ದೇಶಕರು
ಚಳ್ಳಕೆರೆ, 12 ಜೂನ್ 2026